ಹಚ್ಚುವ ಮುನ್ನ ಹತ್ತು ದಿನ: ಗಿಡಮೂಲಿಕೆ ಎಣ್ಣೆ, ಕ್ರೀಮನ್ನು ಮನೆಯಲ್ಲೇ ಪರೀಕ್ಷಿಸುವ ಬಗೆ

ಯಾದಗಿರಿ, ಶಹಾಪುರ, ಸುರಪುರದ ಯಾವ ಔಷಧ ಅಂಗಡಿಗೆ ಹೋದರೂ ಗಿಡಮೂಲಿಕೆಯ ಹೆಸರು ಹೊತ್ತ ಬಾಟಲಿಗಳಿಗೆಂದೇ ಒಂದು ಸಾಲು ಇರುತ್ತದೆ. ಕೂದಲು ಉದುರುವುದಕ್ಕೆ ಭೃಂಗರಾಜ ತೈಲ, ಮೊಣಕಾಲು ನೋವಿಗೆ ಮತ್ತೊಂದು ಎಣ್ಣೆ, ಮುಖದ ಕಲೆಗೆ ಹೂವಿನ ಸಾರದ ಕ್ರೀಮು. ಕೊಳ್ಳುವವರು ಅನುಮಾನಿಸಿದರೆ ‘ಗಿಡಮೂಲಿಕಿ ಅದರೀ, ಏನೂ ಆಗಂಗಿಲ್ಲ’ ಎಂಬ ಉತ್ತರ ಸಿದ್ಧ. ಸ್ವಲ್ಪ ಜಾಗರೂಕರು ಅಂಗಡಿಯಲ್ಲೇ ಮುಂಗೈಗೆ ಎರಡು ಹನಿ ಹಚ್ಚಿ, ಹತ್ತು ನಿಮಿಷ ಕಾದು, ಉರಿಯಲಿಲ್ಲವೆಂದು ಸಮಾಧಾನಪಟ್ಟು ಮನೆಗೆ ತರುತ್ತಾರೆ. ವಾರ ಕಳೆಯುವಷ್ಟರಲ್ಲಿ ಕಣ್ಣರೆಪ್ಪೆ ಊದಿ, ಕಿವಿಯ ಹಿಂದೆ ತುರಿಕೆ ಶುರುವಾಗುತ್ತದೆ. ಆಗ ಅವರ ಅನುಮಾನ ಹೋಗುವುದು ನಿನ್ನೆ ತಿಂದ ಬದನೆಕಾಯಿಯ ಮೇಲೆ. ಎಣ್ಣೆಯ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ, ಯಾಕೆಂದರೆ ಅದನ್ನು ‘ನೋಡಿ’ ತಂದಾಗಿದೆ.

ಹತ್ತು ನಿಮಿಷದ ಆ ಪರೀಕ್ಷೆ ಯಾಕೆ ಸುಳ್ಳಾಯಿತು ಎಂಬುದು ತಿಳಿದರೆ ಸರಿಯಾದ ಪರೀಕ್ಷೆ ಹೇಗಿರಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಚರ್ಮ ತಡವಾಗಿ ಮಾತಾಡುತ್ತದೆ

ಚರ್ಮಕ್ಕೆ ಹಚ್ಚಿದ ವಸ್ತುವಿನಿಂದಾಗುವ ತೊಂದರೆ ಮುಖ್ಯವಾಗಿ ಎರಡು ಬಗೆಯದು. ಒಂದು ಬರೀ ಕೆರಳಿಕೆ. ಖಾರದ ಪುಡಿ ಕಲಸಿದ ಕೈ ಉರಿಯುವಂತೆ ಇದು ಯಾರಿಗಾದರೂ ಆಗಬಹುದು, ನಿಮಿಷಗಳಲ್ಲೋ ತಾಸುಗಳಲ್ಲೋ ಕಾಣಿಸುತ್ತದೆ. ಇನ್ನೊಂದು ನಿಜವಾದ ಸಂಪರ್ಕ ಅಲರ್ಜಿ. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯ ಟಿ ಕೋಶಗಳು ಆ ವಸ್ತುವನ್ನು ಶತ್ರುವೆಂದು ಮೊದಲು ಗುರುತು ಹಿಡಿಯಬೇಕು. ಅದಕ್ಕೆ ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನ ಬೇಕು, ಕೆಲವರಲ್ಲಿ ವರ್ಷಗಳೇ ಹಿಡಿಯುತ್ತವೆ. ಗುರುತು ಹಿಡಿದ ಮೇಲೆ ಅದೇ ವಸ್ತು ಮತ್ತೆ ತಾಗಿದರೂ ಗುಳ್ಳೆ ಏಳಲು ಒಂದರಿಂದ ಮೂರು ದಿನ ಬೇಕಾಗುತ್ತದೆ. ಅಂಗಡಿಯ ಕಟ್ಟೆಯ ಮೇಲಿನ ಹತ್ತು ನಿಮಿಷಕ್ಕೆ ಈ ಅಲರ್ಜಿ ಸಿಗುವುದೇ ಇಲ್ಲ.

ನಮ್ಮ ಭಾಗದಲ್ಲಿ ಇದಕ್ಕೊಂದು ವಿಶೇಷ ಕಾರಣವೂ ಸೇರಿಕೊಳ್ಳುತ್ತದೆ: ಕಾಂಗ್ರೆಸ್ ಕಳೆ. 1955ರ ಸುಮಾರಿಗೆ ಪುಣೆಯಲ್ಲಿ ಮೊದಲು ಗಮನಕ್ಕೆ ಬಂದ ಈ ಪಾರ್ಥೇನಿಯಂ ಗಿಡ ಈಗ ನಾರಾಯಣಪುರ ಎಡದಂಡೆ ಕಾಲುವೆಯ ಏರಿ, ಹತ್ತಿ ಹೊಲದ ಬದು, ಊರ ಹೊರಗಿನ ತಿಪ್ಪೆ, ಎಲ್ಲೆಡೆ ಇದೆ. ನೀರಾವರಿಯಿದ್ದಲ್ಲಿ ಬೇಸಿಗೆಯಲ್ಲೂ ಹಸಿರಾಗಿರುತ್ತದೆ. ಇದರ ಎಲೆ, ಕಾಂಡದ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಎಂಬ ಪದಾರ್ಥವಿದೆ. ಭಾರತದಲ್ಲಿ ಗಿಡಗಳಿಂದ ಬರುವ ಚರ್ಮದ ಅಲರ್ಜಿಗೆ ಅತಿ ದೊಡ್ಡ ಕಾರಣ ಇದೇ. ಗಿಡ ಒಣಗಿ ಪುಡಿಯಾದರೂ ಅದರ ಗುಣ ಹೋಗುವುದಿಲ್ಲ, ಗಾಳಿಯಲ್ಲಿ ಹಾರಿ ಬಂದು ಕಣ್ಣರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಕೂರುತ್ತದೆ.

ಇದಕ್ಕೂ ಎಣ್ಣೆಯ ಬಾಟಲಿಗೂ ಏನು ಸಂಬಂಧ? ಕಾಂಗ್ರೆಸ್ ಕಳೆಯದು ಸೇವಂತಿಗೆ, ಚೆಂಡು ಹೂವು, ಸೂರ್ಯಕಾಂತಿ, ಕುಸುಬೆಗಳ ಕುಟುಂಬ. ಸೌಂದರ್ಯವರ್ಧಕಗಳಲ್ಲಿ ಬಳಸುವ ಕ್ಯಾಲೆಂಡುಲಾ, ಕ್ಯಾಮೊಮೈಲ್, ನೋವಿನ ಎಣ್ಣೆಗಳ ಆರ್ನಿಕಾ, ಕೊನೆಗೆ ನಮ್ಮದೇ ಗರಗದ ಸೊಪ್ಪು, ಅಂದರೆ ಭೃಂಗರಾಜ, ಇವೆಲ್ಲ ಅದೇ ಕುಟುಂಬದವು. ಈ ಕುಟುಂಬದ ಹಲವು ಗಿಡಗಳಲ್ಲಿ ಪಾರ್ಥೆನಿನ್‌ನ ರಚನೆಯನ್ನೇ ಹೋಲುವ ಪದಾರ್ಥಗಳಿವೆ. ಹೊಲದಲ್ಲಿ ಹತ್ತು ವರ್ಷ ಕಳೆ ಕಿತ್ತವರ ಚರ್ಮಕ್ಕೆ ಅವು ಹಳೆಯ ಶತ್ರುವಿನ ಹಾಗೆ ಕಾಣಬಹುದು. ‘ಈ ಕ್ರೀಮನ್ನು ಹಿಂದೆಂದೂ ಹಚ್ಚಿಲ್ಲ, ಅಲರ್ಜಿ ಹೇಗಾಗುತ್ತದೆ?’ ಎಂಬ ಪ್ರಶ್ನೆಗೆ ಇದೇ ಉತ್ತರ. ಎಲ್ಲರಿಗೂ ಆಗುತ್ತದೆಂದಲ್ಲ. ಕಾಂಗ್ರೆಸ್ ಕಳೆಯ ಅಲರ್ಜಿ ಇದ್ದವರಲ್ಲೂ ಒಬ್ಬರಿಗೆ ಒಗ್ಗದ್ದು ಇನ್ನೊಬ್ಬರಿಗೆ ಒಗ್ಗುತ್ತದೆ. ಊಹೆಯಿಂದ ಹೇಳಲಾಗದ್ದರಿಂದಲೇ ಪರೀಕ್ಷೆ ಬೇಕು.

ಹೀಗಾಗಿ ಮಳೆಗಾಲದಲ್ಲಿ, ಇಲ್ಲವೇ ಕಳೆ ಕೀಳುವ ದಿನಗಳಲ್ಲಿ ಕಣ್ಣರೆಪ್ಪೆ, ಕತ್ತು ತುರಿಸಿ, ಬೇರೆ ಊರಿಗೆ ಹೋಗಿದ್ದಾಗ ಕಡಿಮೆಯಾದ ಅನುಭವ ಉಳ್ಳವರು ಹೊಸ ಬಾಟಲಿಯ ಮುಚ್ಚಳ ತೆಗೆಯುವ ಮೊದಲು ಅದರ ಮೇಲಿನ ಪಟ್ಟಿ ಓದಬೇಕು. ಭೃಂಗರಾಜವನ್ನು ಹಲವು ಡಬ್ಬಿಗಳಲ್ಲಿ ‘ಎಕ್ಲಿಪ್ಟಾ ಆಲ್ಬಾ’ ಎಂದು ಅದರ ಸಸ್ಯಶಾಸ್ತ್ರೀಯ ಹೆಸರಿನಲ್ಲಿ ಬರೆದಿರುತ್ತಾರೆ.

ಪರೀಕ್ಷೆಯ ಕ್ರಮ

ಒಂದೇ ಜಾಗಕ್ಕೆ ದಿನವೂ ಹಚ್ಚುತ್ತ, ಮುಚ್ಚದೆ, ಕಾಯುವುದು ಈ ವಿಧಾನದ ತಿರುಳು. ಚರ್ಮವೈದ್ಯರೂ ಮನೆಯಲ್ಲಿ ಮಾಡಲು ಹೇಳುವ ವಿಧಾನ ಇದೇ. ಹಚ್ಚಿ ಬಿಡುವ ಎಣ್ಣೆ, ಕ್ರೀಮು, ಲೇಪಗಳಿಗೆ ಇದು ಹೊಂದುತ್ತದೆ.

1. ಜಾಗ ಆರಿಸಿಕೊಳ್ಳಿ. ಮುಂಗೈಯ ಒಳಭಾಗ, ಮೊಣಕೈ ಮಡಿಕೆಯಿಂದ ಎರಡು ಬೆರಳು ಕೆಳಗೆ. ಮಡಿಕೆಯಲ್ಲೇ ಹಚ್ಚಿದರೆ ನಮ್ಮ ಬೇಸಿಗೆಯ ಬೆವರಿಗೆ ಅಲ್ಲಿ ತಾನಾಗಿಯೇ ಏಳುವ ಬೆವರುಸಾಲೆಯನ್ನು ಅಲರ್ಜಿಯೆಂದು ತಿಳಿಯುವ ಸಾಧ್ಯತೆಯಿದೆ. ಗಾಯ, ಬಿರುಕು, ಗಜಕರ್ಣ ಇರುವ ಚರ್ಮ ಬೇಡ.

2. ಐದು ರೂಪಾಯಿ ನಾಣ್ಯವಿಟ್ಟು ಅದರ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆಯಿರಿ. ತುರಿಕೆ ಗೆರೆಯೊಳಗೇ ನಿಂತಿತೇ, ದಾಟಿತೇ ಎಂಬುದು ಮುಂದೆ ಬಹಳ ಮುಖ್ಯವಾಗುತ್ತದೆ. ಸ್ನಾನದಲ್ಲಿ ಅಳಿಸಿದರೆ ಮತ್ತೆ ಎಳೆದುಕೊಳ್ಳಿ.

3. ಎಣ್ಣೆಯಾದರೆ ಎರಡು ಹನಿ, ಕ್ರೀಮಾದರೆ ಒಂದು ತೊಗರಿ ಕಾಳಿನಷ್ಟು. ಬೆಳಿಗ್ಗೆ, ರಾತ್ರಿ ಎರಡು ಹೊತ್ತು ಹಚ್ಚಿ. ದಿನವೂ ಹಚ್ಚುವಷ್ಟೇ ದಪ್ಪಗೆ ಹಚ್ಚಿ, ತಿಕ್ಕಬೇಡಿ. ಶಾಂಪೂ, ಸಾಬೂನಿನಂಥ ತೊಳೆಯುವ ವಸ್ತುವನ್ನು ಐದು ನಿಮಿಷ, ಅಥವಾ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಮಾತ್ರ ಬಿಟ್ಟು ತೊಳೆಯಬೇಕು.

4. ಇನ್ನೊಂದು ಕೈಯಲ್ಲಿ ಅದೇ ಜಾಗದಲ್ಲಿ ಮನೆಯ ಸಾದಾ ಎಣ್ಣೆ ಹಚ್ಚಿ. ಬಾಟಲಿಯ ಮೇಲೆ ‘ತಿಲ ತೈಲ’ ಎಂದಿದ್ದರೆ ಎಳ್ಳೆಣ್ಣೆ, ಕೊಬ್ಬರಿ ಎಣ್ಣೆಯಿಂದ ಮಾಡಿದ್ದರೆ ಕೊಬ್ಬರಿ ಎಣ್ಣೆ. ಈ ಒಂದು ಕೆಲಸವನ್ನು ಬಹಳಷ್ಟು ಜನ ಬಿಡುತ್ತಾರೆ, ಆದರೆ ಇಡೀ ಪರೀಕ್ಷೆಗೆ ಅರ್ಥ ಬರುವುದು ಇದರಿಂದಲೇ. ಎರಡೂ ಕೈ ತುರಿಸಿದರೆ ಮೂಲ ಎಣ್ಣೆಯೋ ಸೆಕೆಯೋ ಕಾರಣ. ಒಂದೇ ಕೈ ತುರಿಸಿದರೆ ಬಾಟಲಿಯಲ್ಲಿರುವ ಬೇರೇನೋ.

5. ಮೊದಲ ಸಲ ಹಚ್ಚಿದಾಗ ಅರ್ಧ ತಾಸು ಬಿಡುವಾಗಿ ಮನೆಯಲ್ಲಿರಿ, ಒಬ್ಬರು ಜೊತೆಗಿರಲಿ. ಅಪರೂಪಕ್ಕೆ ಬರುವ ತಕ್ಷಣದ ಅಲರ್ಜಿ ಕಾಣಿಸಿಕೊಳ್ಳುವುದು ಈ ಹೊತ್ತಿನಲ್ಲೇ.

6. ಹತ್ತು ದಿನ ಮುಂದುವರಿಸಿ. ಕಾಂಗ್ರೆಸ್ ಕಳೆಯ ತುರಿಕೆ ಮೊದಲಿನಿಂದ ಇದ್ದವರು ಹದಿನಾಲ್ಕು ದಿನ ನೋಡುವುದು ಒಳ್ಳೆಯದು. ದಿನವೂ ಒಂದೇ ಹೊತ್ತಿಗೆ, ಬಾಗಿಲ ಬಳಿಯ ಬೆಳಕಿನಲ್ಲಿ ಎರಡೂ ಕೈಗಳ ಫೋಟೊ ತೆಗೆದಿಟ್ಟುಕೊಳ್ಳಿ. ತುರಿಕೆ ಶುರುವಾದ ದಿನವೇ ನಿಲ್ಲಿಸಿ. ಉಳಿದ ದಿನ ಪೂರೈಸಬೇಕೆಂಬ ಹಟ ಬೇಡ.

ಒಂದು ಉದಾಹರಣೆ

ಸುರಪುರ ತಾಲ್ಲೂಕಿನ ಕಾಲುವೆ ಪಕ್ಕದ ಹಳ್ಳಿಯೊಂದರಲ್ಲಿ ಹತ್ತಿ ಬಿಡಿಸುವ, ಕಳೆ ತೆಗೆಯುವ ಮಹಿಳೆಯೊಬ್ಬರು ಭೃಂಗರಾಜ ತೈಲ ತಂದರೆಂದುಕೊಳ್ಳೋಣ. ಎಡಗೈಗೆ ತೈಲ, ಬಲಗೈಗೆ ಎಳ್ಳೆಣ್ಣೆ. ಮೊದಲ ಮೂರು ದಿನ ಏನೂ ಇಲ್ಲ. ಸಾಮಾನ್ಯವಾಗಿ ಇಲ್ಲಿಗೇ ಜನ ‘ಒಗ್ಗಿತು’ ಎಂದು ತಲೆಗೆ ಹಚ್ಚಿಬಿಡುತ್ತಾರೆ. ನಾಲ್ಕನೇ ದಿನ ರಾತ್ರಿ ಎಡಗೈಯಲ್ಲಿ ಸಣ್ಣ ತುರಿಕೆ, ಬಣ್ಣದಲ್ಲಿ ವ್ಯತ್ಯಾಸವಿಲ್ಲ. ಐದನೇ ದಿನ ಬೆಳಿಗ್ಗೆ ಕಣ್ಣಿಗೆ ಸ್ಪಷ್ಟವಾಗದಿದ್ದರೂ ಬೆರಳಾಡಿಸಿದರೆ ರವೆಯಂಥ ಗುಳ್ಳೆಗಳು ತಾಗುತ್ತವೆ. ಸಂಜೆಗೆ ಗುಳ್ಳೆಗಳು ಪೆನ್ನಿನ ಗೆರೆಯಿಂದ ಒಂದು ಬೆರಳು ಆಚೆಗೂ ಹಬ್ಬಿವೆ. ಬಲಗೈ ನಿರಾಳವಾಗಿದೆ.

ಎಳ್ಳೆಣ್ಣೆ ಕಾರಣವಲ್ಲ, ಸೆಕೆಯೂ ಅಲ್ಲ, ತೊಂದರೆ ತೈಲದ ಉಳಿದ ಪದಾರ್ಥಗಳಲ್ಲಿದೆ ಎಂದು ಇದರಿಂದ ತಿಳಿಯುತ್ತದೆ. ಆದರೆ ಅದು ಗರಗದ ಸೊಪ್ಪೋ, ಸುವಾಸನೆಗೆ ಬೆರೆಸಿದ ಸುಗಂಧವೋ, ಕೆಡದಂತೆ ಹಾಕಿದ ರಾಸಾಯನಿಕವೋ ಎಂಬುದು ಮನೆಯ ಪರೀಕ್ಷೆಯಿಂದ ತಿಳಿಯದು. ನಿಲ್ಲಿಸಿದ ಮೇಲೂ ಎರಡು ಮೂರು ದಿನ ಗುಳ್ಳೆ ಹೆಚ್ಚಬಹುದು, ಕೆರಳಿದ ಕೋಶಗಳು ತಣ್ಣಗಾಗಲು ಹೊತ್ತು ಬೇಕು. ಆಮೇಲೆ ಉಳಿಯುವ ಕಪ್ಪು ಕಲೆ ವಾರಗಟ್ಟಲೆ ಇರುತ್ತದೆ. ಇದೆಲ್ಲ ನಾಣ್ಯದಗಲ ಜಾಗದಲ್ಲಿ ಆಯಿತು. ತಲೆಗೆ ಹಚ್ಚಿದ್ದರೆ ಎಣ್ಣೆ ಇಳಿದಲ್ಲೆಲ್ಲ, ಅಂದರೆ ಹಣೆ, ಕಿವಿ, ಕತ್ತಿನಲ್ಲೆಲ್ಲ ಆಗುತ್ತಿತ್ತು. ನೆತ್ತಿಯ ಚರ್ಮ ದಪ್ಪ, ಅಲ್ಲಿ ಅಷ್ಟಾಗಿ ಕಾಣದೆ ತೆಳು ಚರ್ಮದ ಕಣ್ಣರೆಪ್ಪೆಯೇ ಮೊದಲು ಊದುತ್ತದೆ.

ಮೊದಲ ಲಕ್ಷಣಗಳನ್ನು ಹಿಡಿಯುವುದು

ಪುಸ್ತಕಗಳಲ್ಲಿ ‘ಚರ್ಮ ಕೆಂಪಾಗುತ್ತದೆ’ ಎಂದಿರುತ್ತದೆ. ನಮ್ಮ ಗೋಧಿ ಬಣ್ಣದ, ಕಪ್ಪು ಚರ್ಮದಲ್ಲಿ ಆ ಕೆಂಪು ಎಷ್ಟೋ ಸಲ ಕಾಣುವುದಿಲ್ಲ. ಸುತ್ತಲಿಗಿಂತ ಸ್ವಲ್ಪ ಕಪ್ಪಾಗಿ, ನೇರಳೆ ಛಾಯೆಯಲ್ಲಿ ಅಥವಾ ಬೂದು ಬಣ್ಣದಲ್ಲಿ ಕಾಣಿಸುತ್ತದೆ. ಬಣ್ಣ ನೋಡುವುದಕ್ಕಿಂತ ಕಣ್ಣು ಮುಚ್ಚಿ ಬೆರಳ ತುದಿಯಿಂದ ಸವರುವುದು ನಂಬಿಕೆಯ ದಾರಿ. ಒರಟುತನ, ಉಬ್ಬು, ಬಿಸಿ ತಿಳಿದುಬಿಡುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಸಣ್ಣ ಗುಳ್ಳೆಗಳ ನೆರಳು ಬೀಳುತ್ತದೆ.

ತಡವಾದ ಅಲರ್ಜಿಯಲ್ಲಿ ತುರಿಕೆಯೇ ಮೊದಲು. ಬಣ್ಣ, ಉಬ್ಬು, ಗುಳ್ಳೆ ಎಲ್ಲ ಅದರ ಹಿಂದೆ. ಬರೀ ಕೆರಳಿಕೆಯಲ್ಲಿ ತುರಿಕೆಗಿಂತ ಉರಿ, ಚುಚ್ಚು ಜಾಸ್ತಿ, ಹಚ್ಚಿದ ಗೆರೆಯೊಳಗೇ ನಿಲ್ಲುತ್ತದೆ, ತೊಳೆದರೆ ಒಂದೆರಡು ದಿನದಲ್ಲಿ ಇಳಿಮುಖವಾಗುತ್ತದೆ. ಅಲರ್ಜಿ ಗೆರೆ ದಾಟುತ್ತದೆ, ತೊಳೆದ ಮೇಲೂ ಏರುತ್ತದೆ, ನೀರು ತುಂಬಿದ ಗುಳ್ಳೆಯಾಗಿ ಒಡೆದು ಸೋರಲೂಬಹುದು. ಇವೆರಡರ ನಡುವಿನ ಗಡಿ ಯಾವಾಗಲೂ ಇಷ್ಟು ನಿಚ್ಚಳವಾಗಿರುವುದಿಲ್ಲ. ಆದರೆ ಎರಡರಲ್ಲಿ ಯಾವುದಾದರೂ ಆ ವಸ್ತುವನ್ನು ಬಿಡಬೇಕಾದ್ದೇ.

ಮೂರನೆಯದು ತಕ್ಷಣದ ಬಗೆ. ಹಚ್ಚಿದ ನಿಮಿಷಗಳಲ್ಲಿ ಸೊಳ್ಳೆ ಕಡಿದಂಥ ಅಗಲ ದದ್ದು ಏಳುತ್ತದೆ. ನಮ್ಮಲ್ಲಿ ‘ಪಿತ್ತದ ಗಂದೆ’ ಎನ್ನುವುದು ಇದಕ್ಕೇ. ಗಂದೆ ಹಚ್ಚಿದ ಜಾಗದಲ್ಲೇ ಇದ್ದು ತಾಸೆರಡು ತಾಸಿನಲ್ಲಿ ಇಳಿದರೆ ಗಾಬರಿ ಬೇಡ, ಆ ವಸ್ತು ಮತ್ತೆ ಮುಟ್ಟದಿದ್ದರಾಯಿತು. ಗಂದೆ ಮೈಯೆಲ್ಲ ಹರಡಿದರೆ, ತುಟಿ ನಾಲಿಗೆ ಊದಿದರೆ, ಗಂಟಲು ಬಿಗಿದು ದನಿ ಬದಲಾದರೆ, ಉಸಿರಾಡುವಾಗ ಸುಂಯ್ಗುಟ್ಟಿದರೆ, ತಲೆ ಸುತ್ತಿ ವಾಂತಿಯಾದರೆ ಮನೆಮದ್ದಿಗೆ ಒಂದು ಕ್ಷಣವನ್ನೂ ಕಳೆಯದೆ 108ಕ್ಕೆ ಕರೆ ಮಾಡಬೇಕು. ತಲೆ ಸುತ್ತುತ್ತಿದ್ದರೆ ಕೂರಿಸದೆ ಮಲಗಿಸಿ, ಕಾಲಿನ ಕೆಳಗೆ ದಿಂಬು ಕೊಡಿ. ಉಸಿರಿಗೆ ಕಷ್ಟವಾಗುತ್ತಿದ್ದರೆ ಒರಗಿ ಕೂರಲಿ. ಎದ್ದು ನಡೆಯಲು ಬಿಡಬೇಡಿ. ಆಸ್ಪತ್ರೆಯಲ್ಲಿ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಇದಕ್ಕೆ ಮೊದಲ ಔಷಧ.

ಕರಿ ಮೆಹಂದಿಯ ಲೆಕ್ಕ ಬೇರೆ

ಮೇಲಿನ ಹತ್ತು ದಿನದ ವಿಧಾನವನ್ನು ಕೂದಲ ಬಣ್ಣಕ್ಕೆ ಯಾರೂ ಬಳಸಬಾರದು. ‘ಹರ್ಬಲ್ ಕಾಲಿ ಮೆಹಂದಿ’ ಎಂದು ಮಾರುವ ಹಲವು ಪುಡಿಗಳಲ್ಲಿ ಕಪ್ಪು ಬರುವುದು ಗೋರಂಟಿಯಿಂದಲ್ಲ, ಪಿಪಿಡಿ ಎಂಬ ರಾಸಾಯನಿಕದಿಂದ. ಗೋರಂಟಿ ಎಲೆ ಕೊಡುವುದು ಕಿತ್ತಳೆ-ಕೆಂಪು ಬಣ್ಣವನ್ನು, ಅದೂ ತಾಸುಗಟ್ಟಲೆ ಬಿಟ್ಟರೆ. ಅರ್ಧ ತಾಸಿನಲ್ಲಿ ಕಡುಗಪ್ಪು ಬಂದರೆ ಅದರಲ್ಲಿ ಬೇರೇನೋ ಇದೆ. ಪಿಪಿಡಿಯನ್ನು ದಿನವೂ ಹಚ್ಚುತ್ತ ಹೋದರೆ ಪರೀಕ್ಷೆಯೇ ಅಲರ್ಜಿ ಹುಟ್ಟಿಸಬಹುದು.

ಇಂಥ ಬಣ್ಣದ ಡಬ್ಬಿಯಲ್ಲಿ ಎಚ್ಚರಿಕೆಯನ್ನೂ ಪರೀಕ್ಷೆಯ ಕ್ರಮವನ್ನೂ ಮುದ್ರಿಸಬೇಕೆಂದು ನಮ್ಮ ದೇಶದ ಕಾನೂನೇ ಹೇಳುತ್ತದೆ. ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗವನ್ನು ತೊಳೆದು, ಬಳಸುವ ಹದಕ್ಕೆ ಕಲಸಿದ ಬಣ್ಣವನ್ನು ಸ್ವಲ್ಪವೇ ಹಚ್ಚಿ ಒಣಗಲು ಬಿಟ್ಟು, 24 ತಾಸಿನ ನಂತರ ತೊಳೆದು ನೋಡಬೇಕು. ಅಲರ್ಜಿ ತಡವಾಗಿ ಬರುವುದರಿಂದ ಇನ್ನೂ ಒಂದು ದಿನ ಕಾಯುವುದು ಕ್ಷೇಮ. ಹಿಂದಿನ ಸಲ ಒಗ್ಗಿತ್ತೆಂದು ಬಿಡದೆ ಪ್ರತಿ ಸಲವೂ ಹೀಗೆ ಮಾಡಬೇಕು. ಹುಬ್ಬು, ರೆಪ್ಪೆಗೂದಲಿಗೆ ಹಚ್ಚಲೇಬಾರದು. ಮದುವೆಯಲ್ಲೋ ರಂಜಾನಿನಲ್ಲೋ ಕೈಗೆ ಹಾಕಿಸಿದ ಕಪ್ಪು ಮೆಹಂದಿ ಒಮ್ಮೆ ಗುಳ್ಳೆಯೆಬ್ಬಿಸಿದ್ದರೆ ಅಂಥವರು ಪರೀಕ್ಷೆಗೂ ಕೈಹಾಕಬಾರದು. ಅವರಿಗೆ ಉತ್ತರ ಆಗಲೇ ಸಿಕ್ಕಿದೆ.

ಪರೀಕ್ಷೆಗೂ ಹಚ್ಚಬಾರದವು

ಮಡಿವಾಳರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕೇರುಬೀಜದ ರಸ, ಅಂದರೆ ಭಲ್ಲಾತಕ, ಒಂದು ಹನಿಯಲ್ಲೇ ಬೊಬ್ಬೆ ಎಬ್ಬಿಸುವಂಥದ್ದು. ಸೀಳಿದ ಕಾಲಿಗೆ, ಬೇನೆಗೆ ಅದನ್ನು ಹಚ್ಚುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಬಿಡಬೇಕು. ಬಾವಂಚಿ ಬೀಜದ ಎಣ್ಣೆಯ ಅಪಾಯ ಬೇರೆ ಬಗೆಯದು. ತೊನ್ನಿಗೆಂದು ಹಚ್ಚಿ ಬಿಸಿಲಿಗೆ ಹೋದರೆ ಅದರಲ್ಲಿರುವ ಸೋರಾಲೆನ್ ಚರ್ಮವನ್ನು ಸುಡುತ್ತದೆ, ನೆರಳಲ್ಲಿ ಮಾಡಿದ ಪರೀಕ್ಷೆಯಲ್ಲಿ ಅದು ಕಾಣುವುದೇ ಇಲ್ಲ. ವೈದ್ಯರು ಅಳತೆ, ಹೊತ್ತು ಹೇಳಿದರೆ ಮಾತ್ರ ಅದನ್ನು ಬಳಸಬೇಕು. ನೀಲಗಿರಿ, ಟೀ ಟ್ರೀ, ಲವಂಗದಂಥ ಸಾರ ಎಣ್ಣೆಗಳನ್ನು ಹಾಗೇ ಹಚ್ಚಬಾರದು. ಒಂದು ಟೀ ಚಮಚ ಕೊಬ್ಬರಿ ಎಣ್ಣೆಗೆ ಒಂದು ಹನಿ ಬೆರೆಸಿದರೆ ಸುಮಾರು ಶೇಕಡಾ ಒಂದರ ಹದವಾಗುತ್ತದೆ, ಪರೀಕ್ಷೆಗೆ ಅದು ಸಾಕು.

ಎಲ್ಲಿ ತಪ್ಪುತ್ತಾರೆ

ಅಲರ್ಜಿಗೋ ಉಬ್ಬಸಕ್ಕೋ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವಾಗ, ಅಥವಾ ಅದೇ ಜಾಗಕ್ಕೆ ಸ್ಟೀರಾಯ್ಡ್ ಮುಲಾಮು ಹಚ್ಚಿರುವಾಗ ಪರೀಕ್ಷೆ ಮಾಡಿದರೆ ಫಲಿತಾಂಶ ಅಡಗಿಬಿಡುತ್ತದೆ. ಹಾಗೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ಇದಕ್ಕಾಗಿ ನಿಲ್ಲಿಸಬಾರದು, ಪರೀಕ್ಷೆಯನ್ನೇ ಮುಂದೂಡಬೇಕು. ಎರಡು ಹೊಸ ವಸ್ತುಗಳನ್ನು ಒಟ್ಟಿಗೇ ಶುರು ಮಾಡುವುದು ಇನ್ನೊಂದು ತಪ್ಪು. ಬೇಗ ತಿಳಿಯಲೆಂದು ಹಚ್ಚಿದ ಜಾಗವನ್ನು ಪಟ್ಟಿಯಿಂದ ಮುಚ್ಚುವವರೂ ಇದ್ದಾರೆ. ಬೆವರಿನೊಂದಿಗೆ ಬೆಂದ ಹಾಗಾಗಿ ಒಗ್ಗುವ ಎಣ್ಣೆಯೂ ಒಗ್ಗದಂತೆ ಕಾಣುತ್ತದೆ.

ಹಳೆಯ ಬಾಟಲಿಯ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಗಾಳಿ, ಬಿಸಿ ತಾಗಿದ ಸಾರ ಎಣ್ಣೆಗಳು ಬದಲಾಗಿ ಮೊದಲಿಗಿಂತ ಹೆಚ್ಚು ಅಲರ್ಜಿ ತರುತ್ತವೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಅರ್ಧ ಖಾಲಿಯಾಗಿ ಉಳಿದ ಬಾಟಲಿಯನ್ನು ಹೋದ ವರ್ಷದ ಪರೀಕ್ಷೆಯ ಭರವಸೆಯ ಮೇಲೆ ಬಳಸಬೇಡಿ. ಹೊಸದನ್ನು ಗಟ್ಟಿಯಾಗಿ ಮುಚ್ಚಿ ತಂಪಾದ, ಕತ್ತಲ ಜಾಗದಲ್ಲಿಡಿ. ಪರೀಕ್ಷೆಯಲ್ಲಿ ಪಾಸಾದ ಎಣ್ಣೆಗೂ ತಿಂಗಳುಗಟ್ಟಲೆ ಬಳಸಿದ ಮೇಲೆ ಅಲರ್ಜಿ ಹುಟ್ಟಬಹುದು ಎಂಬುದೂ ನೆನಪಿರಲಿ.

ಗುಳ್ಳೆ ಎದ್ದ ಮೇಲೆ ಮಾಡುವ ಉಪಚಾರದಲ್ಲೇ ಹೆಚ್ಚಿನ ಹಾನಿ ಆಗುವುದು. ‘ನಂಜಾಗ್ಯದ’ ಎಂದು ಅರಿಸಿನ, ನಿಂಬೆರಸ, ಬೇರೆ ಸೊಪ್ಪಿನ ರಸ ಹಚ್ಚಿದರೆ ಕೆರಳಿದ ಚರ್ಮಕ್ಕೆ ಮತ್ತಷ್ಟು ಗಿಡಗಳ ಪರಿಚಯವಾಗುತ್ತದೆ. ತಣ್ಣೀರು ಮತ್ತು ಸೌಮ್ಯ ಸಾಬೂನಿನಿಂದ ಒಮ್ಮೆ ತೊಳೆದು, ಒದ್ದೆ ಹತ್ತಿ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಇಟ್ಟರೆ ತುರಿಕೆ ತಗ್ಗುತ್ತದೆ. ಮೂರು ನಾಲ್ಕು ಔಷಧ ಬೆರೆಸಿದ, ಚೀಟಿಯಿಲ್ಲದೆ ಸಿಗುವ ಕ್ರೀಮುಗಳ ತಂಟೆ ಬೇಡ.

ವೈದ್ಯರ ಬಳಿ ಹೋಗುವಾಗ

ಮುಖ, ಕಣ್ಣಿನ ಸುತ್ತ ಊತ, ಸೋರುವ ಗುಳ್ಳೆ, ಕೀವು, ಜ್ವರ ಇದ್ದರೆ, ಅಥವಾ ನಿಲ್ಲಿಸಿ ವಾರವಾದರೂ ಇಳಿಯದಿದ್ದರೆ ಚರ್ಮವೈದ್ಯರನ್ನು ಕಾಣಬೇಕು. ಎಣ್ಣೆಯಲ್ಲಿನ ಯಾವ ಪದಾರ್ಥ ಕಾರಣವೆಂದು ಹುಡುಕುವುದು ಅವರ ಪ್ಯಾಚ್ ಟೆಸ್ಟ್‌ನ ಕೆಲಸ. ಭಾರತೀಯರಿಗೆಂದು ಸಿದ್ಧಪಡಿಸಿದ ಪದಾರ್ಥಗಳ ಸರಣಿಯಲ್ಲಿ ಪಾರ್ಥೇನಿಯಂ, ಪಿಪಿಡಿ, ಸುಗಂಧಗಳು ಸೇರಿವೆ. ಬೆನ್ನಿಗೆ ಅಂಟಿಸಿದ ಪಟ್ಟಿಗಳನ್ನು 48 ತಾಸಿನ ನಂತರ ತೆಗೆದು ನೋಡಿ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಲ್ಲಿಯವರೆಗೆ ಬೆನ್ನು ನೆನೆಸುವಂತಿಲ್ಲ, ಭಾರ ಹೊರುವಂತಿಲ್ಲ. ಈ ಸೌಲಭ್ಯ ಎಲ್ಲ ಕಡೆ ಇರುವುದಿಲ್ಲ. ಯಾದಗಿರಿ, ಕಲಬುರಗಿ, ರಾಯಚೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ ಬಸ್ ಹತ್ತುವ ಮೊದಲು ಚರ್ಮರೋಗ ವಿಭಾಗದಲ್ಲಿ ಪ್ಯಾಚ್ ಟೆಸ್ಟ್ ಮಾಡುತ್ತಾರೆಯೇ, ಯಾವ ದಿನ ಅಂಟಿಸುತ್ತಾರೆ ಎಂದು ವಿಚಾರಿಸಿ. ಬೇಸಿಗೆಯಲ್ಲಿ ಬೆವರಿಗೆ ಪಟ್ಟಿ ಕಳಚುವುದರಿಂದ ಅವಸರವಿಲ್ಲದವರು ದೀಪಾವಳಿಯಿಂದ ಸಂಕ್ರಾಂತಿಯೊಳಗೆ ಹೋಗುವುದು ಅನುಕೂಲ. ಹೊರಡುವಾಗ ಬಾಟಲಿ, ಅದರ ಡಬ್ಬಿ, ದಿನವೂ ತೆಗೆದ ಫೋಟೊಗಳನ್ನು ಜೊತೆಗೆ ಒಯ್ಯಿರಿ. ಹೊಲದಲ್ಲಿ ಕಾಂಗ್ರೆಸ್ ಕಳೆ ಕೀಳುತ್ತೀರೆಂಬುದನ್ನು ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ.